ಒಂದೇ ಕಂಪನಿಯ ಮೂವರಿಗೆ ಮೇಲ್: ಪಕ್ಕಪಕ್ಕ ಇಟ್ಟು ಓದಿದರೂ ಮುಜುಗರವಾಗದ ಹಾಗೆ ಬರೆಯುವುದು

ಕೆಲವು ವರ್ಷದ ಹಿಂದೆ ಒಂದು ಫ್ಯಾಕ್ಟರಿಯ ಮೂವರಿಗೆ ಒಂದೇ ಬೆಳಿಗ್ಗೆ ಮೇಲ್ ಕಳಿಸಿದ್ದೆ. ಮೆಂಟೆನೆನ್ಸ್ ಹೆಡ್, ಪ್ಲಾಂಟ್ ಹೆಡ್, ಪರ್ಚೇಸ್ ಮ್ಯಾನೇಜರ್. ಹೆಸರು ಮಾತ್ರ ಬೇರೆ, ಒಳಗಿನ ಮಾತೆಲ್ಲ ಒಂದೇ. ಮಧ್ಯಾಹ್ನದ ಹೊತ್ತಿಗೆ ಪರ್ಚೇಸ್‌ನವರ ಫೋನ್ ಬಂತು. "ಈ ವಿಷಯಕ್ಕೆ ನಿಮ್ಮನ್ನೇ ಕೇಳೋಣ ಅನ್ನಿಸಿತು ಅಂತ ನನಗೂ ಬರೆದಿದ್ದೀರಿ, ನಮ್ಮ ಮೆಂಟೆನೆನ್ಸ್‌ನವರಿಗೂ ಬರೆದಿದ್ದೀರಿ. ಯಾರನ್ನ ಕೇಳಬೇಕು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆದರೆ ಆ ಫ್ಯಾಕ್ಟರಿಯ ಕೆಲಸ ನಮಗೆ ಸಿಗಲಿಲ್ಲ.

ಮೂವರಿಗೆ ಬರೆದಿದ್ದೇ ತಪ್ಪು ಅಂತ ಮೊದಲು ಅಂದುಕೊಂಡೆ. ಹಾಗಲ್ಲ. ಫ್ಯಾಕ್ಟರಿಯಲ್ಲಿ ಒಂದು ಕೆಲಸ ಆಗಬೇಕಾದರೆ ಮೂರು ನಾಲ್ಕು ಜನ ಒಪ್ಪಬೇಕು. ಒಬ್ಬರಿಗೇ ಬರೆದು ಕಾಯುತ್ತಾ ಕೂತರೆ ಅವರು ರಜೆಯಲ್ಲಿದ್ದರೂ ನಮಗೆ ಗೊತ್ತಾಗುವುದಿಲ್ಲ. ಮೂವರಿಗೂ ಒಂದೇ ಮಾತು ಹೇಳಿದ್ದೇ ತಪ್ಪು. ಅದನ್ನು ಪ್ರತಿಯೊಬ್ಬರಿಗೂ "ನಿಮಗೆ ಮಾತ್ರ" ಅನ್ನೋ ಹಾಗೆ ಹೇಳಿದ್ದು ಇನ್ನೂ ದೊಡ್ಡ ತಪ್ಪು.

ಅಂದಿನಿಂದ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೇನೆ. ಈ ಮೇಲ್‌ಗಳನ್ನು ಅವರು ಒಟ್ಟಿಗೇ ಓದುತ್ತಾರೆ. ಓದಬಹುದು ಅಂತಲ್ಲ, ಓದೇ ಓದುತ್ತಾರೆ ಅಂತಲೇ ಬರೆಯಬೇಕು. ಒಬ್ಬರು ಫಾರ್ವರ್ಡ್ ಮಾಡುತ್ತಾರೆ, ಇನ್ನೊಬ್ಬರು "ನನಗೂ ಬಂದಿದೆ" ಅಂತಾರೆ, ಕ್ಯಾಂಟೀನಿನಲ್ಲಿ ಎರಡು ಫೋನ್ ಪಕ್ಕಪಕ್ಕ ಬರುತ್ತವೆ. ಆ ಹೊತ್ತಿನಲ್ಲಿ ನಮ್ಮ ಮೂರು ಮೇಲ್ ಒಂದೇ ಕಾಗದದ ಮೂರು ತುಂಡಿನ ಹಾಗೆ ಕೂಡಿಕೊಳ್ಳಬೇಕು. ಒಂದೇ ತುಂಡಿನ ಮೂರು ಜೆರಾಕ್ಸ್ ಆಗಬಾರದು. ಒಂದರ ಮಾತನ್ನು ಇನ್ನೊಂದು ಸುಳ್ಳು ಮಾಡಲೂಬಾರದು.

ಇದನ್ನು ನನಗೆ ಚೆನ್ನಾಗಿ ಗೊತ್ತಿರುವ ಕೆಲಸದಲ್ಲೇ ಇಟ್ಟು ತೋರಿಸುತ್ತೇನೆ. ನಾವು ಫ್ಯಾಕ್ಟರಿಗಳಲ್ಲಿ ಏರ್ ಲೀಕ್ ಹುಡುಕುವ ಕೆಲಸ ಮಾಡುತ್ತೇವೆ. ಕಂಪ್ರೆಸರ್‌ನಿಂದ ಹೊರಟ ಗಾಳಿ ಪೈಪಿನ ಜಾಯಿಂಟ್, ಹೋಸ್, ವಾಲ್ವ್‌ಗಳಲ್ಲಿ ಸೋರಿ ಹೋಗುತ್ತದೆ. ಎಲ್ಲಿ ಸೋರುತ್ತಿದೆ ಅಂತ ಹುಡುಕಿ, ಟ್ಯಾಗ್ ಕಟ್ಟಿ, ಪಟ್ಟಿ ಕೊಡುತ್ತೇವೆ. ನಿಮ್ಮ ಕೆಲಸ ಬೇರೆ ಇರಬಹುದು, ಕ್ರಮ ಇದೇ.

ಮೊದಲು: ಯಾರಿಗೆ ಯಾವ ಭಾಗ

ಮೇಲ್ ಬರೆಯುವ ಮೊದಲು ಒಂದು ಹಾಳೆ ತಗೊಳ್ಳಿ. ಜನರ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಎರಡೇ ವಿಷಯ ಬರೆಯಿರಿ. ಈ ಕೆಲಸದಲ್ಲಿ ಅವರ ತಲೆಮೇಲೆ ಬರುವುದು ಏನು? ಅವರಿಂದ ನನಗೆ ಬೇಕಾದ್ದು ಏನು?

ಏರ್ ಲೀಕ್ ವಿಷಯದಲ್ಲಿ ನನ್ನ ಹಾಳೆ ಹೀಗಿರುತ್ತದೆ. ಮೆಂಟೆನೆನ್ಸ್ ಹೆಡ್: ಲೀಕ್ ಇರುವುದು ಅವರ ಲೈನಿನಲ್ಲಿ, ಪ್ರೆಷರ್ ಸಾಲದಿದ್ದರೆ ಬೈಸಿಕೊಳ್ಳುವವರೂ ಅವರೇ. ನನಗೆ ಬೇಕಾದ್ದು ಒಂದು ರಜಾದಿನ ಅರ್ಧ ಗಂಟೆಯ ಪರೀಕ್ಷೆ. ಪ್ಲಾಂಟ್ ಹೆಡ್: ಹೊರಗಿನವರು ಒಳಗೆ ಬರುವುದಕ್ಕೆ ಒಪ್ಪಬೇಕು, ಪ್ರೊಡಕ್ಷನ್ ನಿಲ್ಲಬಾರದು. ನನಗೆ ಬೇಕಾದ್ದು ಅನುಮತಿ. ಅಕೌಂಟ್ಸ್ ಮುಖ್ಯಸ್ಥರು: ಕರೆಂಟ್ ಬಿಲ್ ಕಟ್ಟುವವರು. ನನಗೆ ಬೇಕಾದ್ದು ಬಿಲ್ಲಿನಲ್ಲಿ ಯೂನಿಟ್‌ಗೆ ಎಷ್ಟು ಬೀಳುತ್ತಿದೆ ಅನ್ನೋ ಒಂದು ಅಂಕಿ.

ಇಬ್ಬರ ಮುಂದೆ ಒಂದೇ ಉತ್ತರ ಬಂದರೆ ಅವರಲ್ಲಿ ಒಬ್ಬರಿಗೆ ಬರೆಯಬೇಡಿ. ಅವರಿಗೆ ಹೇಳಲು ನಿಮ್ಮ ಹತ್ತಿರ ಬೇರೆ ಮಾತೇ ಇಲ್ಲ ಅಂತ ಅರ್ಥ. ಮೆಂಟೆನೆನ್ಸ್ ಹೆಡ್‌ಗೂ ಅವರ ಕೈಕೆಳಗಿನ ಇಂಜಿನಿಯರ್‌ಗೂ ಒಟ್ಟಿಗೆ ಬರೆದಾಗ ನನಗೆ ಹೀಗೇ ಆಗುತ್ತಿತ್ತು. ಬೇರೆ ಬೇರೆ ಮಾಡಲು ಎಷ್ಟು ತಿದ್ದಿದರೂ ಪದ ಬದಲಾಗುತ್ತಿತ್ತು, ವಿಷಯ ಒಂದೇ ಉಳಿಯುತ್ತಿತ್ತು. ಪದ ಬದಲಿಸಿದ್ದು ಓದಿದ ತಕ್ಷಣ ಗೊತ್ತಾಗುತ್ತದೆ. ಒಂದೇ ಮೇಲ್ ಎರಡು ಸಲ ಬಂದಿದ್ದಕ್ಕಿಂತ ಅದು ಕೆಟ್ಟದಾಗಿ ಕಾಣುತ್ತದೆ, ಮರೆಮಾಚಲು ನೋಡಿದ ಹಾಗೆ ಇರುತ್ತದೆ.

ನಾನು ಒಂದು ಕಂಪನಿಯಲ್ಲಿ ಮೂವರಿಗಿಂತ ಜಾಸ್ತಿ ಜನಕ್ಕೆ ಬರೆಯುವುದಿಲ್ಲ. ಹಾಗೆಯೇ `purchase@` ಅಥವಾ `info@` ತರಹದ ವಿಳಾಸ ಪಟ್ಟಿಯಲ್ಲಿದ್ದರೆ ಎಚ್ಚರ. ಅಂಥ ವಿಳಾಸಕ್ಕೆ ಹೋದ ಮೇಲ್ ಹಲವು ಸಲ ನಾಲ್ಕೈದು ಜನರ ಇನ್‌ಬಾಕ್ಸ್‌ಗೆ ಬೀಳುತ್ತದೆ. ನೀವು ಬೇರೆಯಾಗಿ ಬರೆದ ವ್ಯಕ್ತಿಯೂ ಅದರೊಳಗೆ ಇರಬಹುದು. ವ್ಯಕ್ತಿಯ ವಿಳಾಸ ಗೊತ್ತಿದ್ದರೆ ಈ ಸಾಮಾನ್ಯ ವಿಳಾಸ ಬಿಟ್ಟುಬಿಡಿ.

ಒಂದೇ ಲೆಕ್ಕ, ಎಲ್ಲರಿಗೂ

ಜನ ಎಡವುವುದು ಇಲ್ಲೇ ಜಾಸ್ತಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೇಲ್ ಬೇರೆ ಬೇರೆ ಆಗಿರಬೇಕು ಅಂದ ತಕ್ಷಣ ನಾವು ಎಲ್ಲವನ್ನೂ ಬದಲಿಸಲು ಹೊರಡುತ್ತೇವೆ. ಮೆಂಟೆನೆನ್ಸ್‌ನವರಿಗೆ ಪರ್ಸೆಂಟ್, ಅಕೌಂಟ್ಸ್‌ನವರಿಗೆ ರೂಪಾಯಿ. ಅದು ಸರಿಯೇ. ಆದರೆ ಆ ಪರ್ಸೆಂಟ್ ಮತ್ತು ಆ ರೂಪಾಯಿ ಒಂದೇ ಲೆಕ್ಕದಿಂದ ಹುಟ್ಟಿರಬೇಕು. ಯಾಕೆಂದರೆ ಎರಡನ್ನೂ ಪಕ್ಕಪಕ್ಕ ಇಟ್ಟವರು ಕ್ಯಾಲ್ಕುಲೇಟರ್ ತೆಗೆಯುತ್ತಾರೆ.

ನಮ್ಮ ಲೆಕ್ಕ ಹೀಗೆ. ರಜಾದಿನ ಮಷೀನ್‌ಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಚಾಲು ಮಾಡುತ್ತೇವೆ. ಗಾಳಿ ಬಳಸುವವರು ಯಾರೂ ಇಲ್ಲ. ಆದರೂ ಅದು ಗಾಳಿ ತುಂಬಲು ಆಗಾಗ ಲೋಡ್‌ಗೆ ಹೋಗುತ್ತಿದ್ದರೆ, ಆ ಗಾಳಿಯೆಲ್ಲ ಸೋರುತ್ತಿದೆ ಅಂತ. ಲೋಡ್‌ನಲ್ಲಿ ಎಷ್ಟು ಹೊತ್ತು ಇತ್ತು (T), ಅನ್‌ಲೋಡ್‌ನಲ್ಲಿ ಅಂದರೆ ಗಾಳಿ ತುಂಬದೆ ಸುಮ್ಮನೆ ತಿರುಗುತ್ತಾ ಎಷ್ಟು ಹೊತ್ತು ಇತ್ತು (t) ಅಂತ ಐದಾರು ಸಲ ಬರೆದುಕೊಂಡು ಸರಾಸರಿ ಹಿಡಿಯುತ್ತೇವೆ.

```
ಲೀಕ್ % = T / (T + t) × 100
```

ಲೋಡ್ ಒಂದೂವರೆ ನಿಮಿಷ, ಅನ್‌ಲೋಡ್ ನಾಲ್ಕೂವರೆ ನಿಮಿಷ ಬಂದರೆ 25%. ಅದನ್ನು 10%ಗೆ ಇಳಿಸಬಹುದು ಅಂತ ಇಟ್ಟುಕೊಳ್ಳಿ. ಉಳಿತಾಯ 15%. 75 ಕಿಲೋವ್ಯಾಟ್ ಕಂಪ್ರೆಸರ್ ಆದರೆ 11.25 ಕಿಲೋವ್ಯಾಟ್. ತಿಂಗಳಿಗೆ 500 ಗಂಟೆ ಓಡುತ್ತದೆ, ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೆ 45,000 ರೂಪಾಯಿ.

ಅಕೌಂಟ್ಸ್‌ನವರ ಮೇಲ್‌ನಲ್ಲಿ ಈ 45,000 ಹಾಕಲು ಕೈ ತುರಿಸುತ್ತದೆ. ಹಾಕಬೇಡಿ. ಮೆಂಟೆನೆನ್ಸ್‌ನವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಸಾಮಾನ್ಯ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲಿದ್ದಾಗಲೂ ಸುಮ್ನೆ ಕೂರುವುದಿಲ್ಲ, ಪೂರ್ತಿ ಲೋಡ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕರೆಂಟ್ ತಿನ್ನುತ್ತಲೇ ಇರುತ್ತದೆ. ಅಂದರೆ ಲೀಕ್ ನಿಂತಷ್ಟೂ ಹಣ ಉಳಿಯುವುದಿಲ್ಲ. ಸುಮಾರು 30% ಕಳೆದರೆ ನಿಜವಾಗಿ ಉಳಿಯುವುದು 31,500ರ ಆಸುಪಾಸು. ಮೆಂಟೆನೆನ್ಸ್‌ನವರಿಗೆ ಈ ಅನ್‌ಲೋಡ್ ವಿಚಾರ ಬರೆದು, ಅಕೌಂಟ್ಸ್‌ನವರಿಗೆ 45,000 ಅಂದರೆ ಏನಾಗುತ್ತದೆ? ಅಕೌಂಟ್ಸ್‌ನವರು ಆ ಮೇಲ್ ಹಿಡಿದು ಮೆಂಟೆನೆನ್ಸ್‌ಗೆ ಬರುತ್ತಾರೆ. "ಇದು ಹೌದಾ?" ಅಂತ ಕೇಳುತ್ತಾರೆ. ಅವರು "ಇಲ್ಲ, ಇಷ್ಟು ಬರಲ್ಲ" ಅಂತಾರೆ. ಅಲ್ಲಿಗೆ ಮುಗಿಯಿತು. ಎರಡೂ ಮೇಲ್ ನಮ್ಮವೇ, ಒಂದು ಇನ್ನೊಂದನ್ನು ಸುಳ್ಳು ಮಾಡಿತು.

ಆದ್ದರಿಂದ ಬರೆಯುವ ಮೊದಲು ಒಂದು ಸಣ್ಣ ಚೀಟಿ ಮಾಡಿಕೊಳ್ಳಿ. ಎಲ್ಲ ಮೇಲ್‌ಗಳಲ್ಲೂ ಒಂದೇ ಇರಬೇಕಾದ್ದನ್ನು ಅದರಲ್ಲಿ ಬರೆಯಿರಿ. ಉಳಿತಾಯದ ಅಂದಾಜು, ಅದಕ್ಕೆ ಹಿಡಿದ ಯೂನಿಟ್ ದರ, ನಮ್ಮ ಶುಲ್ಕ, ಎಷ್ಟು ದಿನದ ಕೆಲಸ, ನಾವು ಯಾರು ಅನ್ನೋ ಒಂದು ಸಾಲು. ಈ ಚೀಟಿಯಲ್ಲಿರುವುದನ್ನು ಯಾರಿಗೂ ಬದಲಿಸುವಂತಿಲ್ಲ. ಒಬ್ಬರಿಗೆ ಹೇಳದೆ ಬಿಡಬಹುದು, ಬೇರೆ ಹೇಳುವಂತಿಲ್ಲ.

ಶುಲ್ಕದ ವಿಷಯದಲ್ಲಿ ಇನ್ನೊಂದು ಸಣ್ಣ ಗುಂಡಿ ಇದೆ. ಒಬ್ಬರಿಗೆ "40,000, ಜಿಎಸ್‌ಟಿ ಬೇರೆ" ಅಂತ ಬರೆದು ಇನ್ನೊಬ್ಬರಿಗೆ "ಒಟ್ಟು 47,200" ಅಂತ ಬರೆದರೆ ಎರಡೂ ಒಂದೇ. 18% ಸೇರಿಸಿದರೆ ಅಷ್ಟೇ ಬರುತ್ತದೆ. ಆದರೆ ಅವಸರದಲ್ಲಿ ನೋಡಿದವರಿಗೆ ಎರಡು ರೇಟ್ ಕಾಣುತ್ತದೆ. ಪರ್ಚೇಸ್‌ನವರಿಗೆ ಬೇರೆ ಬೇರೆ ಸಪ್ಲೈಯರ್‌ಗಳ ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡುವುದು ದಿನದ ಕೆಲಸ. ಒಬ್ಬರದೇ ಎರಡು ರೇಟ್ ಕಂಡರೆ ಕಡಿಮೆಯದನ್ನು ಹಿಡಿಯುತ್ತಾರೆ, ನಂಬಿಕೆಯನ್ನೂ ಕಡಿಮೆ ಮಾಡಿಕೊಳ್ಳುತ್ತಾರೆ. ನನ್ನ ಅಭ್ಯಾಸ ಇಷ್ಟು: ಮೊದಲ ಮೇಲ್‌ನಲ್ಲಿ ರೇಟೇ ಬರೆಯುವುದಿಲ್ಲ. ಕೇಳಿದಾಗ ಒಂದು ನಂಬರ್, ಒಂದು ತಾರೀಖು ಇರುವ ಒಂದೇ ಕೊಟೇಶನ್ ಎಲ್ಲರಿಗೂ ಹೋಗುತ್ತದೆ.

ಮೂರು ಮೇಲ್ ಹೇಗಿರಬೇಕು

ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಹೆಚ್ಚಿನ ಫ್ಯಾಕ್ಟರಿಗಳಿಗೆ ನಾವು ಕಳಿಸುವುದು ಇಂಗ್ಲಿಷಿನಲ್ಲಿ, ಆದರೆ ಹೊಂದಾಣಿಕೆ ಇದೇ.

ಮೆಂಟೆನೆನ್ಸ್ ಹೆಡ್‌ಗೆ, ವಿಷಯದ ಸಾಲು "ರಜಾದಿನ ಅರ್ಧ ಗಂಟೆಯ ಲೀಕ್ ಪರೀಕ್ಷೆ":

"ನಮಸ್ಕಾರ ಸರ್. ನಾವು ಫ್ಯಾಕ್ಟರಿಗಳಲ್ಲಿ ಏರ್ ಲೀಕ್ ಹುಡುಕುವ ಕೆಲಸ ಮಾಡುತ್ತೇವೆ. ಮಷೀನ್ ನಿಂತಿರುವಾಗ ಕಂಪ್ರೆಸರ್ ಎಷ್ಟು ಹೊತ್ತು ಲೋಡ್‌ಗೆ ಹೋಗುತ್ತದೆ ಅಂತ ನೋಡಿದರೆ ಲೀಕ್ ಎಷ್ಟಿದೆ ಅಂತ ನಿಮಗೇ ತಿಳಿಯುತ್ತದೆ. ನಮ್ಮನ್ನು ಕರೆಯದೆಯೂ ಇದನ್ನು ಮಾಡಬಹುದು, ವಿಧಾನ ಜೊತೆಗಿಟ್ಟಿದ್ದೇನೆ. 15%ಗಿಂತ ಜಾಸ್ತಿ ಬಂದರೆ ತಿಳಿಸಿ, ಒಮ್ಮೆ ಬಂದು ಮಾತಾಡುತ್ತೇನೆ. ಒಳಗೆ ಬರಲು ಅನುಮತಿ ಬೇಕಾಗುವುದರಿಂದ ಈ ವಾರ ಪ್ಲಾಂಟ್ ಹೆಡ್ ಅವರಿಗೂ ಚಿಕ್ಕದಾಗಿ ಬರೆಯುತ್ತೇನೆ."

ಪ್ಲಾಂಟ್ ಹೆಡ್‌ಗೆ, "ಪ್ರೊಡಕ್ಷನ್ ನಿಲ್ಲಿಸದೆ ಏರ್ ಲೀಕ್ ಸರ್ವೇ":

"ನಮಸ್ಕಾರ ಮೇಡಂ. ನಾವು ಫ್ಯಾಕ್ಟರಿಗಳಲ್ಲಿ ಏರ್ ಲೀಕ್ ಹುಡುಕುವ ಕೆಲಸ ಮಾಡುತ್ತೇವೆ. ಸರ್ವೇ ಎರಡು ದಿನದ್ದು. ಲೈನ್ ಓಡುತ್ತಿರುವಾಗಲೇ ಅಲ್ಟ್ರಾಸಾನಿಕ್ ಡಿಟೆಕ್ಟರ್ ಹಿಡಿದು ನಡೆಯುತ್ತೇವೆ, ಏನನ್ನೂ ಬಿಚ್ಚುವುದಿಲ್ಲ. ಇಬ್ಬರೇ ಬರುತ್ತೇವೆ, ಸೇಫ್ಟಿ ಟ್ರೈನಿಂಗ್ ನಿಮ್ಮ ಗೇಟಿನಲ್ಲಿ ಹೇಗಿದೆಯೋ ಹಾಗೆ ಮುಗಿಸಿಕೊಳ್ಳುತ್ತೇವೆ. ಪರೀಕ್ಷೆಯ ತಾಂತ್ರಿಕ ವಿವರ ಮೆಂಟೆನೆನ್ಸ್ ಹೆಡ್ ಅವರಿಗೆ ಕಳಿಸಿದ್ದೇನೆ. ಬೇಕೋ ಬೇಡವೋ ಅವರು ನೋಡಿ ಹೇಳಲಿ. ಬೇಕು ಅಂದರೆ ಹೊರಗಿನವರು ಬರುವುದಕ್ಕೆ ನಿಮ್ಮ ಕಡೆಯಿಂದ ಅಡ್ಡಿ ಇದೆಯಾ ಅಂತ ಮಾತ್ರ ಕೇಳುತ್ತಿದ್ದೇನೆ."

ಅಕೌಂಟ್ಸ್ ಮುಖ್ಯಸ್ಥರಿಗೆ, "ಕಂಪ್ರೆಸರ್ ಕರೆಂಟ್ ಖರ್ಚಿನ ಒಂದು ಲೆಕ್ಕ":

"ನಮಸ್ಕಾರ ಸರ್. ನಾವು ಫ್ಯಾಕ್ಟರಿಗಳಲ್ಲಿ ಏರ್ ಲೀಕ್ ಹುಡುಕುವ ಕೆಲಸ ಮಾಡುತ್ತೇವೆ. 75 ಕಿಲೋವ್ಯಾಟ್ ಕಂಪ್ರೆಸರ್ ತಿಂಗಳಿಗೆ 500 ಗಂಟೆ ಓಡಿ, ಲೀಕ್ 25%ನಿಂದ 10%ಗೆ ಇಳಿದರೆ ತಿಂಗಳಿಗೆ ಸುಮಾರು 30 ಸಾವಿರ ಉಳಿಯುತ್ತದೆ. ಅನ್‌ಲೋಡ್‌ನಲ್ಲಿ ಖರ್ಚಾಗುವ ಕರೆಂಟ್ ಕಳೆದ ಮೇಲಿನ ಲೆಕ್ಕ ಇದು. ಯೂನಿಟ್‌ಗೆ 8 ರೂಪಾಯಿ ಹಿಡಿದಿದ್ದೇನೆ. ನಿಮ್ಮ ಬಿಲ್ಲಿನ ಸರಿಯಾದ ದರ ತಿಳಿಸಿದರೆ ಲೆಕ್ಕ ತಿದ್ದಿ ಕಳಿಸುತ್ತೇನೆ. ನಿಮ್ಮಲ್ಲಿ ಲೀಕ್ ಎಷ್ಟಿದೆ ಅನ್ನುವುದು ಪರೀಕ್ಷೆ ಆದ ಮೇಲೆಯೇ ಗೊತ್ತಾಗಬೇಕು. ಅದರ ವಿಧಾನ ಮೆಂಟೆನೆನ್ಸ್ ಹೆಡ್ ಅವರ ಹತ್ತಿರ ಇದೆ."

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. "ನಾವು ಯಾರು" ಅನ್ನೋ ಸಾಲು ಅಕ್ಷರಕ್ಕೆ ಅಕ್ಷರ ಒಂದೇ. ಅದು ಬೇಕೆಂದೇ ಇಟ್ಟಿದ್ದು. ಪರಿಚಯ ಎಲ್ಲ ಕಡೆ ಒಂದೇ ಇದ್ದರೆ ಯಾರಿಗೂ ಬೇಜಾರಿಲ್ಲ. ಬೇರೆ ಬೇರೆ ಇದ್ದರೆ ತಾನೇ ಅನುಮಾನ? ಮಿಕ್ಕಿದ್ದೆಲ್ಲ ಬೇರೆ, ಯಾಕೆಂದರೆ ಕೇಳಿದ್ದೇ ಬೇರೆ. ಒಬ್ಬರಿಗೆ ಪರೀಕ್ಷೆ, ಒಬ್ಬರಿಗೆ ಅನುಮತಿ, ಒಬ್ಬರಿಗೆ ದರ. ಬಂದು ಮಾತಾಡುತ್ತೇನೆ ಅಂದಿರುವುದು ಒಬ್ಬರಿಗೆ ಮಾತ್ರ. ಮೂವರಿಗೂ "ಹದಿನೈದು ನಿಮಿಷ ಟೈಮ್ ಕೊಡಿ" ಅಂತ ಬರೆದರೆ ಪ್ರತಿಯೊಬ್ಬರೂ ಇನ್ನೊಬ್ಬರು ಕೊಡಲಿ ಅಂತ ಸುಮ್ಮನಾಗುತ್ತಾರೆ.

ಇನ್ನೊಬ್ಬರಿಗೂ ಬರೆಯುತ್ತಿದ್ದೇನೆ ಅನ್ನುವುದನ್ನು ಮೂರರಲ್ಲೂ ನಾನೇ ಹೇಳಿಬಿಟ್ಟಿದ್ದೇನೆ. ತುಂಬ ಜನ ಇದನ್ನು ಬಚ್ಚಿಡುತ್ತಾರೆ. ನಾನೂ ಬಚ್ಚಿಡುತ್ತಿದ್ದೆ. ಹೇಳಿದರೆ "ನಾನೊಬ್ಬನೇ ಅಲ್ವಾ" ಅಂತ ಅವರಿಗೆ ಅನ್ನಿಸುತ್ತದೆ ಅನ್ನೋ ಭಯ. ನಿಜದಲ್ಲಿ ಆಗುವುದು ತಿರುಗುಮುರುಗು. ಮೊದಲೇ ಗೊತ್ತಿದ್ದರೆ ಅದು ಮಾಹಿತಿ. ಪಕ್ಕದವರ ಬಾಯಿಂದ ಕೇಳಿದರೆ ಅದು ಕಳ್ಳತನದ ಹಾಗೆ ಕಾಣುತ್ತದೆ. ಒಂದೇ ಸಾಲು ಸಾಕು, ಯಾರಿಗೆ ಯಾವ ಭಾಗ ಬರೆದಿದ್ದೀರಿ ಅಂತ.

ಆ ಸಾಲಿನಲ್ಲಿ ಎರಡು ಮಾತು ಮಾತ್ರ ಬರಲೇಬಾರದು. ಮೊದಲನೆಯದು "ಮೆಂಟೆನೆನ್ಸ್‌ನವರು ನಿಮಗೆ ಬರೆಯಲು ಹೇಳಿದರು", ಅವರು ನಿಜವಾಗಿ ಹೇಳಿರದಿದ್ದರೆ. ಒಂದು ಫೋನಿನಲ್ಲಿ ಇದು ಸುಳ್ಳು ಅಂತ ತಿಳಿದುಬಿಡುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ: "ಮೆಂಟೆನೆನ್ಸ್‌ನವರಿಗೆ ಬರೆದಿದ್ದೆ, ಇನ್ನೂ ಉತ್ತರ ಬಂದಿಲ್ಲ." ಇದು ನಿಜವೇ ಆಗಿರಬಹುದು. ಆದರೆ ಮೇಲಿನವರಿಗೆ ಹೀಗೆ ಬರೆದರೆ ಅದು ದೂರು. ಪ್ಲಾಂಟ್ ಹೆಡ್ ಆ ಮೇಲ್ ಅನ್ನು "ಏನ್ರೀ ಇದು" ಅಂತ ಮೆಂಟೆನೆನ್ಸ್‌ಗೆ ಫಾರ್ವರ್ಡ್ ಮಾಡುತ್ತಾರೆ. ಅವತ್ತಿನಿಂದ ನಮ್ಮ ಕೆಲಸಕ್ಕೆ ನಿಜವಾಗಿ ಬೇಕಾದ ಮನುಷ್ಯ ನಮಗೆ ಎದುರು ನಿಲ್ಲುತ್ತಾರೆ.

ಹೊಗಳಿಕೆಯ ಸಾಲುಗಳನ್ನೂ ತೆಗೆದುಬಿಡಿ. "ನಿಮ್ಮ ಅನುಭವ ನೋಡಿ ಖುಷಿಯಾಯಿತು", "ನಿಮ್ಮಂಥವರೇ ಇದನ್ನು ಅರ್ಥ ಮಾಡಿಕೊಳ್ಳುವುದು" ಅನ್ನೋ ತರಹದವು. ಇಬ್ಬರು ಹೋಲಿಸಿ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಇವೇ. ಬೆಲೆ ಹೋಲಿಸುವ ಮೊದಲು ಹೊಗಳಿಕೆ ಹೋಲಿಸುತ್ತಾರೆ.

ಕಳಿಸುವ ಕ್ರಮ

ಮೂರೂ ಸಿದ್ಧವಾದ ಮೇಲೆ ಒಂದೇ ಸಲ ಕಳಿಸಬೇಡಿ. ಕೆಲಸಕ್ಕೆ ಹತ್ತಿರ ಇರುವವರಿಗೆ ಮೊದಲು. ನಮ್ಮಲ್ಲಿ ಅದು ಮೆಂಟೆನೆನ್ಸ್. ಎರಡು ಮೂರು ಕೆಲಸದ ದಿನ ಬಿಟ್ಟು ಪ್ಲಾಂಟ್ ಹೆಡ್‌ಗೆ. ಇನ್ನೆರಡು ಮೂರು ದಿನ ಬಿಟ್ಟು ಅಕೌಂಟ್ಸ್‌ಗೆ. ಮೇಲಿನವರಿಗೆ ಮೊದಲು ಕಳಿಸಿದರೆ ಬೇಗ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಕೆಲವು ಕೆಲಸಕ್ಕೆ ಅದು ನಿಜ. ಆದರೆ ಈ ತರಹದ ಕೆಲಸದಲ್ಲಿ ಮೇಲಿನಿಂದ ಬಂದ ಮೇಲ್ ಕೆಳಗಿನವರಿಗೆ "ನಿಮ್ಮ ಲೈನಿನಲ್ಲಿ ತಪ್ಪಿದೆ" ಅನ್ನೋ ಹಾಗೆ ಕೇಳಿಸುತ್ತದೆ. ಲೀಕ್ ಇದೆ ಅಂತ ಒಪ್ಪಿಕೊಳ್ಳಬೇಕಾದವರು ಅವರೇ, ಆದ್ದರಿಂದ ಅವರಿಗೆ ಮೊದಲು ತಿಳಿಯಲಿ.

ಅಂತರ ಇಡುವುದರಿಂದ ಇನ್ನೊಂದು ಲಾಭ ಇದೆ. ಮೊದಲನೆಯವರು ಉತ್ತರ ಕೊಟ್ಟರೆ ಉಳಿದ ಎರಡು ಮೇಲ್ ಕಳಿಸುವ ಅಗತ್ಯವೇ ಇಲ್ಲ. "ಪ್ಲಾಂಟ್ ಹೆಡ್‌ಗೆ ನಾನೇ ಬರೆಯಲಾ, ನೀವು ಮಾತಾಡ್ತೀರಾ?" ಅಂತ ಅವರನ್ನೇ ಕೇಳಿ. ಅವರ ಹೆಸರು ಹಿಡಿದು ಮುಂದೆ ಹೋಗುವುದಕ್ಕೂ ಅವರ ಒಪ್ಪಿಗೆ ಹಿಡಿದು ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ.

`Bcc` ಬಳಸಬೇಡಿ. ಒಬ್ಬರಿಗೆ ಬರೆದು ಇನ್ನಿಬ್ಬರನ್ನು ಅದರಲ್ಲಿ ಹಾಕಿದರೆ ಯಾರಿಗೂ ಕಾಣುವುದಿಲ್ಲ ಅಂತ ಅನ್ನಿಸುತ್ತದೆ. ಅವರಲ್ಲಿ ಒಬ್ಬರು `Reply all` ಒತ್ತಿದ ಕ್ಷಣ ಅವರ ಉತ್ತರ ಮೂಲ ಮೇಲ್ ಪಡೆದವರಿಗೂ ಹೋಗುತ್ತದೆ. ತಮಗೆ ಬಂದ ಮೇಲ್ ಇವರಿಗೂ ಹೋಗಿತ್ತು ಅಂತ ಅಲ್ಲೇ ತಿಳಿಯುತ್ತದೆ. `Cc` ಸರಿ ಇರುವುದು ಮೂವರೂ ನಿಮ್ಮನ್ನು ಒಮ್ಮೆ ಒಟ್ಟಿಗೆ ಭೇಟಿಯಾದ ಮೇಲೆ. ಆಗ ಮೂರು ಬೇರೆ ಮೇಲ್ ಬೇಡವೇ ಬೇಡ, ಒಂದೇ ಮೇಲ್, ಎಲ್ಲರ ಹೆಸರೂ ಮೇಲೆ ಕಾಣುವ ಹಾಗೆ. ಹಾಗೆಯೇ ಹಿಂದೆ ಮಾತಾಡಿಯೇ ಇಲ್ಲದವರಿಗೆ ವಿಷಯದ ಸಾಲಿನಲ್ಲಿ `Re:` ಹಾಕುವ ಚಾಳಿ ಇದೆ. ಮೂವರಲ್ಲಿ ಇಬ್ಬರಿಗೆ ಅಂಥ ಮೇಲ್ ಬಂದರೆ, "ನೀವು ಇವರ ಜೊತೆ ಮಾತಾಡಿದ್ರಾ?" ಅಂತ ಪರಸ್ಪರ ಕೇಳುತ್ತಾರೆ. ಇಬ್ಬರೂ ಇಲ್ಲ ಅಂತಾರೆ.

ಕಳಿಸುವ ಮೊದಲು ಒಂದು ಪರೀಕ್ಷೆ

ಮೂರನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಡಿ. ಪರದೆಯ ಮೇಲೆ ಒಂದಾದ ಮೇಲೆ ಒಂದು ನೋಡಿದರೆ ಕಾಣದ್ದು ಕಾಗದದಲ್ಲಿ ಕಾಣುತ್ತದೆ. ಒಂದು ಪೆನ್ನಿನಿಂದ ಎರಡು ಮೇಲ್‌ಗಳಲ್ಲಿ ಒಂದೇ ತರಹ ಇರುವ ಸಾಲುಗಳಿಗೆಲ್ಲ ಗೆರೆ ಹಾಕಿ. ನಿಮ್ಮ ಚೀಟಿಯಲ್ಲಿ ಇದ್ದದ್ದಕ್ಕೆ ಮಾತ್ರ ಗೆರೆ ಬಿದ್ದಿರಬೇಕು. ಬೇರೆ ಯಾವುದಕ್ಕಾದರೂ ಬಿದ್ದಿದ್ದರೆ ಒಂದರಿಂದ ಅದನ್ನು ತೆಗೆಯಿರಿ. ಪದ ಬದಲಿಸಬೇಡಿ, ಸಾಲನ್ನೇ ತೆಗೆಯಿರಿ.

ಆಮೇಲೆ ಅಂಕಿಗಳಿಗೆ ಸುತ್ತು ಹಾಕಿ. ಪ್ರತಿ ಅಂಕಿಯೂ ಚೀಟಿಯ ಲೆಕ್ಕಕ್ಕೆ ಕೂಡುತ್ತದೆಯಾ ನೋಡಿ. ಕೊನೆಗೆ ಪ್ರತಿ ಮೇಲ್ ಅನ್ನು ಅದು ಯಾರಿಗೆ ಹೋಗಬಾರದೋ ಅವರ ಕಣ್ಣಿನಿಂದ ಓದಿ. ಪ್ಲಾಂಟ್ ಹೆಡ್‌ಗೆ ಬರೆದದ್ದನ್ನು ಮೆಂಟೆನೆನ್ಸ್ ಹೆಡ್ ಓದಿದರೆ ಎಲ್ಲಾದರೂ ಚುಚ್ಚುತ್ತದೆಯಾ? ನಾನು ಮೇಲಿನ ಮಾದರಿಯಲ್ಲಿ "ಬೇಕೋ ಬೇಡವೋ ಅವರು ನೋಡಿ ಹೇಳಲಿ" ಅಂತ ಸೇರಿಸಿದ್ದು ಈ ಓದಿನಿಂದಲೇ. ಮೊದಲ ಕರಡಿನಲ್ಲಿ ಆ ಜಾಗದಲ್ಲಿ "ನಿಮ್ಮ ಪ್ಲಾಂಟಿನಲ್ಲಿ ಲೀಕ್ ಜಾಸ್ತಿ ಇರಬಹುದು" ಅಂತ ಇತ್ತು. ಪ್ಲಾಂಟ್ ಹೆಡ್‌ಗೆ ಅದು ಸಾಮಾನ್ಯ ಮಾತು. ಮೆಂಟೆನೆನ್ಸ್ ಹೆಡ್‌ಗೆ ಅದು ಆರೋಪ.

ಉತ್ತರ ಬಂದ ಮೇಲೆ

ಒಬ್ಬರು ಉತ್ತರ ಕೊಟ್ಟ ಕೂಡಲೇ ಆ ಕಂಪನಿಯ ಎಲ್ಲರಿಗೂ ಹೋಗಬೇಕಾದ ನೆನಪಿನ ಮೇಲ್ ನಿಲ್ಲಿಸಿ. ಆ ಒಬ್ಬರದ್ದು ಮಾತ್ರ ಅಲ್ಲ, ಎಲ್ಲರದ್ದೂ. ತಾನಾಗಿ ನೆನಪಿನ ಮೇಲ್ ಕಳಿಸುವ ಸಾಧನಗಳಲ್ಲಿ ಇದನ್ನು ನೋಡಿಕೊಳ್ಳಲೇಬೇಕು. ಉತ್ತರ ಕೊಟ್ಟ ವಿಳಾಸಕ್ಕೆ ಮಾತ್ರ ನಿಂತು, ಉಳಿದ ಇಬ್ಬರಿಗೆ "ನನ್ನ ಹಿಂದಿನ ಮೇಲ್ ನೋಡಿದಿರಾ?" ಅಂತ ಹೋಗುತ್ತಲೇ ಇರಬಹುದು. ಮೀಟಿಂಗ್ ಮುಗಿದು ಕೈಕುಲುಕಿ ಬಂದ ಮರುದಿನ, ಅದೇ ಮೀಟಿಂಗ್‌ನಲ್ಲಿ ಕೂತಿದ್ದವರಿಗೆ ಅಂಥ ಮೇಲ್ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಶೀಟಿನಲ್ಲಿ ವಿಳಾಸದ `@` ಆದ ಮೇಲಿನ ಭಾಗಕ್ಕೆ ಬೇರೆ ಕಾಲಂ ಮಾಡಿಕೊಳ್ಳಿ. ಆ ಕಾಲಂನಿಂದ ಫಿಲ್ಟರ್ ಹಾಕಿದರೆ ಒಂದು ಕಂಪನಿಯ ಎಲ್ಲರೂ ಒಂದೇ ಸಲ ಸಿಗುತ್ತಾರೆ. ನಿಮ್ಮ ಆಫೀಸಿನಲ್ಲಿ ಇನ್ನೊಬ್ಬರೂ ಮೇಲ್ ಕಳಿಸುವವರಿದ್ದರೆ ಅವರೂ ಇದೇ ಶೀಟ್ ಬಳಸಬೇಕು. ಇಲ್ಲದಿದ್ದರೆ ನಿಮ್ಮ ಮೂರಕ್ಕೆ ಅವರದೂ ಒಂದು ಸೇರುತ್ತದೆ.

ಉತ್ತರ "ಬೇಡ" ಅಂತ ಬಂದರೆ? ಮೆಂಟೆನೆನ್ಸ್ ಹೆಡ್ "ನಮ್ಮಲ್ಲೇ ಮಾಡಿಕೊಳ್ಳುತ್ತೇವೆ" ಅಂದರು ಅಂತಿಟ್ಟುಕೊಳ್ಳಿ. ಅವರನ್ನು ದಾಟಿ ಪ್ಲಾಂಟ್ ಹೆಡ್‌ಗೆ ಏನೂ ಗೊತ್ತಿಲ್ಲದವರ ಹಾಗೆ ಬರೆಯುವ ಆಸೆ ಬರುತ್ತದೆ. ಬೇಡ. ಆ ಕಂಪನಿಯನ್ನು ಆರು ತಿಂಗಳು ಬಿಟ್ಟುಬಿಡುತ್ತೇನೆ ನಾನು. ಕಳಿಸದ ಎರಡು ಮೇಲ್ ಕರಡಿನಲ್ಲೇ ಉಳಿಯಲಿ. ಯಾರೂ ಉತ್ತರ ಕೊಡದಿದ್ದರೆ ವಿಷಯ ಬೇರೆ. ಕೊನೆಯ ಮೇಲ್ ಹೋಗಿ ಒಂದು ವಾರ ಆದ ಮೇಲೆ ಮೆಂಟೆನೆನ್ಸ್ ಹೆಡ್ ಒಬ್ಬರಿಗೆ ಮಾತ್ರ ಒಂದು ನೆನಪಿನ ಮೇಲ್, ಅಷ್ಟೇ.

ಉತ್ತರಿಸುವಾಗ ಕೆಳಗೆ ಏನಿದೆ ಅಂತಲೂ ನೋಡಿ. ಪ್ಲಾಂಟ್ ಹೆಡ್ ನಿಮ್ಮ ಮೇಲ್‌ಗೆ ಉತ್ತರ ಕೊಡುತ್ತಾ ಮೆಂಟೆನೆನ್ಸ್‌ನವರನ್ನು `Cc`ಗೆ ಹಾಕಿದರೆ ಹಿಂದಿನ ಮಾತೆಲ್ಲ ಅವರಿಗೆ ಕಾಣುತ್ತದೆ. ಒಬ್ಬರ ಮೇಲ್ ಸರಣಿಯಲ್ಲಿ ಇನ್ನೊಬ್ಬರ ಬಗ್ಗೆ ಏನೂ ಬರೆಯದಿದ್ದರೆ ಇಲ್ಲಿ ಹೆದರಿಕೆಯೇ ಇಲ್ಲ.

ಈಗಾಗಲೇ ಎಡವಿದ್ದರೆ

ಒಂದೇ ಮೇಲ್ ಮೂವರಿಗೂ ಹೋಗಿಬಿಟ್ಟಿದೆ, ಅವರಿಗೆ ಗೊತ್ತೂ ಆಗಿದೆ. ಆಗ ಪ್ರತಿಯೊಬ್ಬರಿಗೂ ಬೇರೆ ಬೇರೆ ಕ್ಷಮೆ ಕೇಳಬೇಡಿ. ಅವನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಮೂವರನ್ನೂ `To`ನಲ್ಲಿ ಹಾಕಿ ಒಂದೇ ಮೇಲ್ ಬರೆಯಿರಿ. ಉದ್ದ ಬೇಡ, ಸಾಫ್ಟ್‌ವೇರ್ ಮೇಲೆ ತಪ್ಪು ಹಾಕಬೇಡಿ.

ಅವತ್ತು ಪರ್ಚೇಸ್‌ನವರ ಫೋನ್ ಇಟ್ಟ ಮೇಲೆ ನಾನು ಮಾಡಿದ್ದು ಇದಲ್ಲ. ಒಬ್ಬೊಬ್ಬರಿಗೂ ಬೇರೆ ಕಾರಣ ಕೊಟ್ಟು ಬರೆದೆ. ಈಗ ಬರೆಯಬೇಕಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ನಮಸ್ಕಾರ. ಬೆಳಿಗ್ಗೆ ನಿಮ್ಮ ಮೂವರಿಗೂ ಒಂದೇ ಮೇಲ್ ಕಳಿಸಿದೆ, ಯಾರನ್ನು ಏನು ಕೇಳಬೇಕು ಅಂತ ನಾನು ಯೋಚಿಸಿರಲಿಲ್ಲ. ಕ್ಷಮಿಸಿ. ಕೇಳಬೇಕಾಗಿದ್ದು ಒಂದೇ: ಒಂದು ರಜಾದಿನ ಅರ್ಧ ಗಂಟೆಯ ಪರೀಕ್ಷೆ ಮಾಡಿ ನೋಡಬಹುದೇ? ಅದು ಮೆಂಟೆನೆನ್ಸ್‌ಗೆ ಸೇರಿದ್ದು. ಉಳಿದ ಇಬ್ಬರೂ ಉತ್ತರ ಕೊಡುವ ಅಗತ್ಯ ಇಲ್ಲ."